ಒಂದೇ ಸರ್ಕ್ಯೂಟ್ ಚಿತ್ರವನ್ನು ಮೂರು ರೀತಿ ಬರೆದು ನೋಡಿದೆ

ಅಡಿಕೆ ತೋಟದ ಹನಿ ನೀರಾವರಿಗೆ ಒಂದು ಬೋರ್ಡ್ ಮಾಡುತ್ತಿದ್ದೆ. ನಾಲ್ಕು ಸೊಲೆನಾಯ್ಡ್ ವಾಲ್ವ್‌ಗಳನ್ನು ತೆರೆದು ಮುಚ್ಚುವುದು ಅದರ ಕೆಲಸ. ಅದರಲ್ಲಿ 24 ವೋಲ್ಟ್ ಸಪ್ಲೈ, ಒಂದು ಇಎಸ್‌ಪಿ32 ಮೈಕ್ರೋಕಂಟ್ರೋಲರ್, ದೂರದ ಸೆನ್ಸರ್‌ಗೆ ಆರ್‌ಎಸ್‌-485, ಪ್ರತಿ ವಾಲ್ವ್‌ಗೂ ಒಂದು ಮಾಸ್‌ಫೆಟ್ ಮತ್ತು ಡಯೋಡ್ ಇವೆ. ಸರ್ಕ್ಯೂಟ್ ಬರೆಯುವ ಕೀಕ್ಯಾಡ್ ಸಾಫ್ಟ್‌ವೇರ್‌ನಲ್ಲಿ ಎಲ್ಲವನ್ನೂ ಒಂದೇ ಎ3 ಹಾಳೆಯಲ್ಲಿ ಬರೆದೆ. ಪ್ರಿಂಟ್ ತೆಗೆದು ರಿಪೇರಿ ಮಾಡುವ ಗೆಳೆಯನಿಗೆ ಕೊಟ್ಟಾಗ, ಅವನು ಒಂದು ಗೆರೆಯ ಮೇಲೆ ಬೆರಳಿಟ್ಟು "ಇದು ಎಲ್ಲಿಗೆ ಹೋಗ್ತದೆ ಮಾರಾಯ?" ಅಂದ. ಗೆರೆ ಬರೆದವನು ನಾನೇ ಆದರೂ ತಕ್ಷಣ ಹೇಳಲು ಆಗಲಿಲ್ಲ.

ಹಾಳೆ ಚಿಕ್ಕದಾಯಿತು ಅಂದುಕೊಂಡು ಮೊದಲು ಎ2ಗೆ ಹೋದೆ. ಉದ್ದ ಗೆರೆಗಳನ್ನು ಕತ್ತರಿಸಿ, ಎರಡೂ ತುದಿಗೆ ಒಂದೇ ಹೆಸರಿನ ಲೇಬಲ್ ಹಾಕಿದೆ. ಪರದೆಯ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಮನೆಯ ಪ್ರಿಂಟರ್ ಎ4 ಮಾತ್ರ. ಎ2 ಹಾಳೆಯನ್ನು ಎ4ಗೆ ಕುಗ್ಗಿಸಿದರೆ ಅಕ್ಷರದ ಎತ್ತರ ಅರ್ಧಕ್ಕೆ ಇಳಿಯುತ್ತದೆ, ತೋಟದ ಶೆಡ್‌ನ ಬೆಳಕಿನಲ್ಲಿ ಓದಲು ಆಗುವುದಿಲ್ಲ. ಇದನ್ನು ಅಲ್ಲಿಗೇ ಬಿಟ್ಟೆ.

ಎರಡನೆಯದು ಹಾಳೆಗಳನ್ನು ಬೇರೆ ಮಾಡಿ ಗ್ಲೋಬಲ್ ಲೇಬಲ್‌ಗಳಿಂದ ಜೋಡಿಸುವ ರೀತಿ. 1ನೇ ಹಾಳೆ ಬರೀ ಚೌಕಗಳದ್ದು, ಒಂದೊಂದು ಚೌಕ ಒಂದೊಂದು ಹಾಳೆಗೆ. 2 ಸಪ್ಲೈ, 3 ಇಎಸ್‌ಪಿ32, 4ರಿಂದ 7 ನಾಲ್ಕು ವಾಲ್ವ್‌ಗಳು, 8 ಆರ್‌ಎಸ್‌-485. ಸಾಮಾನ್ಯ ಲೇಬಲ್ ತನ್ನ ಹಾಳೆಯೊಳಗೆ ಮಾತ್ರ ಜೋಡಿಸುತ್ತದೆ. ಗ್ಲೋಬಲ್ ಲೇಬಲ್ ಹಾಗಲ್ಲ, ಅದೇ ಹೆಸರು ಯಾವ ಹಾಳೆಯಲ್ಲಿದ್ದರೂ ಅಲ್ಲಿಗೆ ಜೋಡಿಸುತ್ತದೆ. Schematic Setup ಒಳಗೆ Show inter-sheet references ಅನ್ನು ಆನ್ ಮಾಡಿದರೆ ಪ್ರತಿ ಗ್ಲೋಬಲ್ ಲೇಬಲ್ ಪಕ್ಕದಲ್ಲಿ ಆ ಹೆಸರು ಇರುವ ಬೇರೆ ಹಾಳೆಗಳ ಸಂಖ್ಯೆ ಬರುತ್ತದೆ. ಸಂಖ್ಯೆಯ ಆಚೀಚೆ ಚೌಕ ಬ್ರಾಕೆಟ್ ಬರುವಂತೆ ನಾನು ಅಲ್ಲೇ ಕೊಟ್ಟುಕೊಂಡೆ. ಈಗ 3ನೇ ಹಾಳೆಯ VALVE1_EN ಪಕ್ಕದಲ್ಲಿ [4] ಅಂತ ಇರುತ್ತದೆ, 4ನೇ ಹಾಳೆಯಲ್ಲಿ [3]. ಗೆಳೆಯನ ಪ್ರಶ್ನೆಗೆ ಬೇಕಿದ್ದ ಉತ್ತರ ಇದೇ.

ಒಂದು ಕೊರತೆ ಇದೆ. ಗುರುತು ಹಾಳೆಯ ಸಂಖ್ಯೆಯನ್ನಷ್ಟೇ ಹೇಳುತ್ತದೆ, ಹಾಳೆಯಲ್ಲಿ ಎಲ್ಲಿ ಅಂತ ಹೇಳುವುದಿಲ್ಲ. ಅದಕ್ಕೆ ಒಳಗೆ ಬರುವ ಲೇಬಲ್‌ಗಳನ್ನೆಲ್ಲ ಹಾಳೆಯ ಎಡ ಅಂಚಿಗೆ, ಹೊರಗೆ ಹೋಗುವುದನ್ನು ಬಲ ಅಂಚಿಗೆ ಸಾಲಾಗಿ ಇಟ್ಟೆ. ಹುಡುಕಾಟ ಎರಡು ಅಂಚಿಗೆ ಸೀಮಿತವಾಯಿತು.

ನಾನು ಎಡವಿದ್ದು ಹೆಸರಿನಲ್ಲಿ. ವಾಲ್ವ್ 3ರ ಹಾಳೆಯನ್ನು ಕಾಪಿ ಮಾಡಿ ವಾಲ್ವ್ 4ರದ್ದು ಮಾಡಿದೆ. ಹಾಳೆಯ ಹೆಸರು ಬದಲಾಯಿಸಿದೆ, ಒಳಗಿನ VALVE3_EN ಹಾಗೇ ಉಳಿಯಿತು. ಬೋರ್ಡ್ ಬಂದ ಮೇಲೆ ಮೂರನೇ ವಾಲ್ವ್‌ಗೆ ಆದೇಶ ಕೊಟ್ಟರೆ ಮೂರೂ ನಾಲ್ಕೂ ಒಟ್ಟಿಗೆ ತೆರೆದವು, ನಾಲ್ಕನೆಯದಕ್ಕೆ ಕೊಟ್ಟರೆ ಏನೂ ಆಗಲಿಲ್ಲ. ಒಂದೇ ಹೆಸರಿಗೆ ಎರಡು ಮಾಸ್‌ಫೆಟ್ ಗೇಟ್ ಸೇರಿದರೆ ಅದು ತಪ್ಪು ಅಂತ ಕೀಕ್ಯಾಡ್‌ಗೆ ಗೊತ್ತಾಗಲು ದಾರಿಯಿಲ್ಲ. VALVE4_EN ಒಂಟಿಯಾಗಿದೆ ಎಂದು ಕೀಕ್ಯಾಡ್‌ನ ತಪ್ಪು ಹುಡುಕುವ ತಪಾಸಣೆ ಇಆರ್‌ಸಿ ಎಚ್ಚರಿಸಿತ್ತು. ನಾನು ಸರಿಮಾಡದೆ ಬಿಟ್ಟಿದ್ದ ಉಳಿದ ಎಚ್ಚರಿಕೆಗಳ ನಡುವೆ ಅದು ಕಣ್ಣಿಗೆ ಬೀಳಲಿಲ್ಲ.

ಆಮೇಲೆ ಪ್ರಿಂಟ್ ನೋಡಿದರೆ ಎಲ್ಲವೂ ಬರೆದೇ ಇತ್ತು. 3ನೇ ಹಾಳೆಯಲ್ಲಿ VALVE1_EN ಪಕ್ಕ [4], VALVE2_EN ಪಕ್ಕ [5], VALVE3_EN ಪಕ್ಕ [6,7]. VALVE4_EN ಪಕ್ಕದಲ್ಲಿ ಬೇರೆ ಯಾವ ಹಾಳೆಯ ಸಂಖ್ಯೆಯೂ ಇರಲಿಲ್ಲ. ಈಗ ಬೋರ್ಡ್ ಕಳಿಸುವ ಮೊದಲು ಈ ಸಂಖ್ಯೆಗಳನ್ನು ಒಂದು ಸಲ ಮೇಲಿಂದ ಕೆಳಗೆ ಓದುತ್ತೇನೆ. ಸಂಖ್ಯೆ ಇಲ್ಲದ ಲೇಬಲ್, ಅಕ್ಕಪಕ್ಕದವಕ್ಕಿಂತ ಜಾಸ್ತಿ ಸಂಖ್ಯೆ ಇರುವ ಲೇಬಲ್, ಎರಡನ್ನೂ ಅನುಮಾನದಿಂದ ನೋಡಬೇಕು. I2C_SDA ಮತ್ತು I2C-SDA ಥರದ ತಪ್ಪೂ ಇಲ್ಲೇ ಸಿಗುತ್ತದೆ, ಯಾಕೆಂದರೆ ಕೀಕ್ಯಾಡ್‌ಗೆ ಅವು ಎರಡು ಬೇರೆ ಬೇರೆ ತಂತಿಗಳು.

ಮೂರನೇ ರೀತಿ ಹೈರಾರ್ಕಿ. ವಾಲ್ವ್ ಸರ್ಕ್ಯೂಟನ್ನು `valve.kicad_sch` ಎಂಬ ಒಂದೇ ಫೈಲ್‌ನಲ್ಲಿ ಬರೆದು, ಮುಖ್ಯ ಹಾಳೆಯಲ್ಲಿ ಅದನ್ನೇ ನಾಲ್ಕು ಚೌಕಗಳಾಗಿ ಇಡುವುದು. ಒಳಗೆ ಹೈರಾರ್ಕಿಕಲ್ ಲೇಬಲ್ ಬರೀ EN. ಚೌಕದ ಅಂಚಿನಲ್ಲಿ ಅದೇ ಹೆಸರಿನ ಪಿನ್ ಇರುತ್ತದೆ. VALVE1_EN, VALVE2_EN ಎಂಬ ಪೂರ್ತಿ ಹೆಸರುಗಳು ಮುಖ್ಯ ಹಾಳೆಯ ತಂತಿಗಳ ಮೇಲೆ ಮಾತ್ರ. ಒಳಗೆ ಸಂಖ್ಯೆಯೇ ಇಲ್ಲದಿದ್ದರೆ ಸಂಖ್ಯೆ ಬದಲಾಯಿಸಲು ಮರೆಯುವ ಪ್ರಶ್ನೆಯೂ ಇಲ್ಲ, ಅಲ್ವಾ? ಒಳಗೆ OUT ಅಂತ ಸಾಮಾನ್ಯ ಲೇಬಲ್ ಹಾಕಿದರೂ ತೊಂದರೆಯಿಲ್ಲ. ಪಿಸಿಬಿಯಲ್ಲಿ ಚೌಕದ ಹೆಸರು ಮುಂದೆ ಸೇರಿ ಹೀಗೆ ಬರುತ್ತದೆ:

```
/VALVE1/OUT
/VALVE2/OUT
```

ಇದರ ನಿಜವಾದ ಲಾಭ ತಿದ್ದುವಾಗ ಕಂಡಿತು. ಇಎಸ್‌ಪಿ32 ಶುರುವಾಗುವ ಹೊತ್ತಿನಲ್ಲಿ ಗೇಟ್ ತೇಲದಿರಲಿ ಎಂದು ಪ್ರತಿ ಗೇಟ್‌ನಿಂದ ನೆಲಕ್ಕೆ ಒಂದು 10 ಕಿಲೋಓಮ್ ರೆಸಿಸ್ಟರ್ ಸೇರಿಸಬೇಕಾಯಿತು. ಕಾಪಿ ಮಾಡಿದ ಹಾಳೆಗಳಲ್ಲಾದರೆ ನಾಲ್ಕು ಸಲ ಮಾಡಬೇಕು. ಇಲ್ಲಿ ಒಂದು ಸಲ.

ಭಾಗಗಳಿಗೆ ಸಂಖ್ಯೆ ಕೊಡುವಾಗ First free after sheet number X 100 ಆಯ್ಕೆ ಮಾಡಿ. ಆಗ 4ನೇ ಹಾಳೆಯ ರೆಸಿಸ್ಟರ್‌ಗಳು R401ರಿಂದ, 5ನೆಯದರಲ್ಲಿ R501ರಿಂದ ಶುರುವಾಗುತ್ತವೆ. ಬೋರ್ಡ್ ಮೇಲೆ R502 ಅಂತ ಓದಿದರೆ 5ನೇ ಹಾಳೆ ತೆಗೆದರಾಯಿತು. ಹಾಳೆಗಳು ಒಂದೇ ಫೈಲ್‌ನವು ಆಗಿರುವುದರಿಂದ ಸಂಖ್ಯೆಯ ಕೊನೆ ಎರಡು ಅಂಕಿಯೂ ಹೊಂದುತ್ತವೆ. ಗೆಳೆಯ ಒಮ್ಮೆ ಎರಡನೇ ವಾಲ್ವ್ ಕೆಟ್ಟಾಗ Q501ರ ಕಾಲುಗಳಲ್ಲಿ ವೋಲ್ಟೇಜ್ ಅಳೆದು, ಚೆನ್ನಾಗಿದ್ದ ಮೊದಲನೇ ವಾಲ್ವ್‌ನ Q401 ಜೊತೆ ಹೋಲಿಸಿ ತಪ್ಪು ಹಿಡಿದ. ಹಾಳೆ ನೋಡಬೇಕಾದದ್ದು ಒಂದನ್ನೇ.

ಆದರೆ ಹೈರಾರ್ಕಿಕಲ್ ಲೇಬಲ್ ಪಕ್ಕದಲ್ಲಿ ಹಾಳೆಯ ಸಂಖ್ಯೆ ಬರುವುದಿಲ್ಲ. ಕಾಗದದ ಮೇಲೆ 5ನೇ ಹಾಳೆಯ EN ಎಲ್ಲಿಂದ ಬಂತು ಅಂತ ತಿಳಿಯಲು 1ನೇ ಹಾಳೆಗೆ ಹೋಗಿ, ಅಲ್ಲಿಂದ 3ಕ್ಕೆ ಹೋಗಬೇಕು. ಕಂಪ್ಯೂಟರ್‌ನಲ್ಲಿ ಚೌಕದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಒಳಗೆ ಹೋಗಬಹುದು, ಕಾಗದದಲ್ಲಿ ಆ ಸೌಕರ್ಯ ಇಲ್ಲ. ಹಾಗಾಗಿ 1ನೇ ಹಾಳೆಯನ್ನು ನೀಟಾಗಿ ಇಡುವುದಕ್ಕೆ ಜಾಸ್ತಿ ಸಮಯ ಕೊಟ್ಟೆ. ಎಡಕ್ಕೆ ಇಎಸ್‌ಪಿ32 ಚೌಕ, ಬಲಕ್ಕೆ ನಾಲ್ಕು ವಾಲ್ವ್ ಚೌಕ, ಪ್ರತಿ ಚೌಕದ ಕೆಳಗೆ ಹಾಳೆಯ ಸಂಖ್ಯೆಯನ್ನು ಕೈಯಾರೆ ಬರೆದೆ. ಹಾಳೆಗಳ ಕ್ರಮ ಬದಲಾದರೆ ಈ ಬರಹ ತಾನಾಗಿ ಬದಲಾಗುವುದಿಲ್ಲ, ಅದನ್ನು ನೆನಪಿಟ್ಟು ತಿದ್ದಬೇಕು.

ಈಗ ನಾನು ಎರಡನ್ನೂ ಸೇರಿಸಿ ಬಳಸುತ್ತಿದ್ದೇನೆ. ಮತ್ತೆ ಮತ್ತೆ ಬರುವ ವಾಲ್ವ್ ಭಾಗಕ್ಕೆ ಹೈರಾರ್ಕಿ. ಒಂದೇ ಸಲ ಬರುವ ಆರ್‌ಎಸ್‌-485ಗೆ RS485_TX, RS485_RX, RS485_DE ಎಂಬ ಗ್ಲೋಬಲ್ ಲೇಬಲ್‌ಗಳು, ಪಕ್ಕದಲ್ಲಿ ಹಾಳೆಯ ಗುರುತು. ಮತ್ತೆ ಬರುವ ಹಾಳೆಯೊಳಗೆ ಮಾತ್ರ ಗ್ಲೋಬಲ್ ಲೇಬಲ್ ಹಾಕಲೇಬಾರದು. ಹಾಕಿದರೆ ನಾಲ್ಕೂ ವಾಲ್ವ್‌ಗಳ ಆ ತಂತಿ ಒಂದೇ ಆಗಿಬಿಡುತ್ತದೆ. GND, +24V ಥರದ ಪವರ್ ಗುರುತುಗಳೂ ಗ್ಲೋಬಲ್ಲೇ. ಅವು ಒಂದಾಗಬೇಕಾದವೇ ಆದ್ದರಿಂದ ಅಲ್ಲಿ ಚಿಂತೆಯಿಲ್ಲ.

ಮುಂದಿನ ಬೋರ್ಡ್‌ನಲ್ಲಿ ನಾಲ್ಕನೇ ಜಾಗಕ್ಕೆ ವಾಲ್ವ್ ಬದಲು ಪಂಪಿನ ರಿಲೇ ಬಂತು, ಅದಕ್ಕೆ ಬೇರೆ ರೆಸಿಸ್ಟರ್ ಬೇಕಿತ್ತು. ನಾನು ಬಳಸುವ 9ನೇ ಆವೃತ್ತಿಯಲ್ಲಿ ಒಂದೇ ಫೈಲ್‌ನ ಚೌಕಗಳಲ್ಲಿ ಭಾಗದ ಸಂಖ್ಯೆ ಬೇರೆ ಇರಬಹುದು, ಮೌಲ್ಯ ಬೇರೆ ಇರುವಂತಿಲ್ಲ. R701ರ ಮೌಲ್ಯ ಬದಲಾಯಿಸಿದರೆ R401ರದ್ದೂ ಬದಲಾಗುತ್ತದೆ. ಹಾಗಾಗಿ ಆ ಒಂದಕ್ಕೆ `pump.kicad_sch` ಅಂತ ಬೇರೆ ಫೈಲ್ ಮಾಡಿದೆ. ಒಳಗಿನ ಹೆಸರುಗಳನ್ನು EN, OUT ಅಂತಲೇ ಇಟ್ಟೆ.