ಮದುವೆ ಫೋಟೋಗ್ರಾಫರ್ ಕೊಟೇಶನ್: 85 ಸಾವಿರದವರು ದುಬಾರಿ ಬಿದ್ರು, ಲಕ್ಷದವರೇ ಅಗ್ಗ ಆದ್ರು

ನಮ್ಮನೇಲಿ ಎರಡು ವರ್ಷದಲ್ಲಿ ಎರಡು ಮದುವೆ, ಮೊದ್ಲು ಅಕ್ಕಂದು ಆಮೇಲೆ ತಮ್ಮಂದು, ಎರಡೂ ತೀರ್ಥಹಳ್ಳಿ ಹತ್ರದ ಒಂದೇ ಛತ್ರದಲ್ಲಿ. ಎರಡಕ್ಕೂ ಫೋಟೋದವರು ಶಿವಮೊಗ್ಗದಿಂದ್ಲೇ ಬಂದಿದ್ದು, ಆದ್ರೆ ಬೇರೆ ಬೇರೆ ಸ್ಟುಡಿಯೋ. ಮೊದಲೇ ಹೇಳ್ಬಿಡ್ತೀನಿ, ಎರಡನೆಯವರೇ ನಂಗೆ ಇಷ್ಟ.

ಅಕ್ಕನ ಮದುವೆ ಕೊಟೇಶನ್ ನೋಡಿದ್ರೆ ಆಸೆ ಆಗೋ ಹಂಗಿತ್ತು. 85 ಸಾವಿರ, ಮೂರು ಜನ, 12 ಗಂಟೆ ಕವರೇಜ್, ಎಕ್ಸ್‌ಟ್ರಾ ಗಂಟೆಗೆ 1,500, 40 ಪೇಜ್ ಆಲ್ಬಮ್, ಅಡ್ವಾನ್ಸ್ 40 ಸಾವಿರ. ತಮ್ಮಂದಕ್ಕೆ 1,05,000, ಇಲ್ಲೂ ಮೂರು ಜನ, 16 ಗಂಟೆ, ಎಕ್ಸ್‌ಟ್ರಾ ಗಂಟೆಗೆ 2,500, ಆಲ್ಬಮ್ 30 ಶೀಟ್, ಅಡ್ವಾನ್ಸ್ 25 ಸಾವಿರ. ಅಪ್ಪ ಎರಡನೇದು ನೋಡಿ "ಇವ್ರು ಎಂತ ಮಾರಾಯ, ಗಂಟೆಗೆ ಸಾವಿರ ಜಾಸ್ತಿ ಕೇಳ್ತಾರೆ" ಅಂದಿದ್ರು.

ಈಗ ಅಕ್ಕನ ಮದುವೇಲಿ ಎಂತ ಆಯ್ತು ಕೇಳಿ. ನಮ್ ಲೆಕ್ಕ ಏನಂದ್ರೆ ಹಿಂದಿನ ದಿನ ಸಂಜೆ ಐದರಿಂದ ಹತ್ತು, ಬೆಳಿಗ್ಗೆ ಆರರಿಂದ ಒಂದು, ಸರಿಯಾಗಿ 12 ಗಂಟೆ. ಆದ್ರೆ ಅವ್ರ ಗಡಿಯಾರ ಶುರು ಆಗಿದ್ದು ಶಿವಮೊಗ್ಗದಲ್ಲಿ ಸ್ಟುಡಿಯೋ ಶಟರ್ ಎಳೆದಾಗ! ಮೂರೂವರೆಗೆ ಹೊರಟಿದ್ದಾರೆ, ಆರತಕ್ಷತೆ ಸ್ಟೇಜ್ ಮೇಲಿನ ಕ್ಯೂ ಕರಗುವಾಗ ಹತ್ತೂವರೆ, ಅಲ್ಲಿಗೇ ಏಳು ಗಂಟೆ. ಮಾರನೇ ದಿನ ಐದೂವರೆಯಿಂದ ಹೆಣ್ಣು ಒಪ್ಪಿಸೋ ತನಕ, ಅಂದ್ರೆ ಮಧ್ಯಾಹ್ನ ಎರಡೂವರೆ, ಒಂಬತ್ತು. ವಾಪಸ್ ಹೋಗೋ ದಾರಿ ಒಂದೂವರೆ. ಒಟ್ಟು ಹದಿನೇಳೂವರೆ, ಅರ್ಧ ಗಂಟೆನೂ ಪೂರ್ತಿ ಅಂತ ಹಿಡಿದು 18. ಆರು ಗಂಟೆ ಎಕ್ಸ್‌ಟ್ರಾ, ಸರಿ, ಒಂಬತ್ತು ಸಾವಿರ ತಾನೇ ಅಂದ್ಕೊಂಡ್ವಿ. ಅಲ್ಲಂತೆ, 1,500 ಒಬ್ಬೊಬ್ರಿಗಂತೆ! ಮೂರು ಜನಕ್ಕೆ 27 ಸಾವಿರ. ಕೊಟೇಶನ್ ಮತ್ತೆ ತೆಗೆದು ನೋಡಿದ್ರೆ ಒಬ್ರಿಗೋ ಟೀಮ್‌ಗೋ ಅಂತ ಎಲ್ಲೂ ಬರೆದೇ ಇಲ್ಲ, ಬರೀ "ಎಕ್ಸ್‌ಟ್ರಾ ಗಂಟೆ 1,500" ಅಷ್ಟೇ, ನಾವೂ ಕೇಳಿರ್ಲಿಲ್ಲ. ಊಟಕ್ಕೆ ಕೂತ ಮುಕ್ಕಾಲು ಗಂಟೆನೂ ಲೆಕ್ಕದಲ್ಲೇ ಇತ್ತು, ಅದಕ್ಕೆ ನಂದು ತಕರಾರಿಲ್ಲ, ಉಣ್ಣದೆ ಇರೋಕಾಗುತ್ತಾ. ಆದ್ರೆ ವಿಡಿಯೋ ಹುಡುಗ, ಅಮ್ಮ ಅಕ್ಕನ್ನ ಹಿಡ್ಕೊಂಡು ಅಳ್ತಿರುವಾಗ, ಟ್ರೈಪಾಡ್ ಕಾಲು ಒಂದೊಂದೇ ಮಡಚ್ತಾ "ಸರ್, ಟೈಮ್ ಮುಗೀತು, ಕಂಟಿನ್ಯೂ ಮಾಡ್ಲಾ?" ಅಂತ ಕೇಳಿದ. ಆ ಹೊತ್ತಲ್ಲಿ ಬೇಡ ಅನ್ನೋರು ಯಾರು?

ತಮ್ಮನ ಮದುವೆಯವರ ಹಾಳೇಲಿ "ಛತ್ರದಲ್ಲಿ ಮೊದಲ ಫೋಟೋ ತೆಗೆದಲ್ಲಿಂದ ಲೆಕ್ಕ, ಪ್ರಯಾಣ ಸೇರಲ್ಲ, ಎಕ್ಸ್‌ಟ್ರಾ ರೇಟ್ ಪೂರ್ತಿ ಟೀಮ್‌ಗೆ" ಅಂತ ಇತ್ತು. ಹಿಂದಿನ ಸಂಜೆ ಆರು ಗಂಟೆ ಕವರೇಜ್, ಮಾರನೇ ದಿನ ಹನ್ನೊಂದು ಗಂಟೆ ಕವರೇಜ್, ಒಟ್ಟು 17. ಒಂದೇ ಗಂಟೆ ಜಾಸ್ತಿ, 2,500. ಬಿಲ್ 1,07,500ಕ್ಕೆ ಮುಗೀತು.

ಆಲ್ಬಮ್‌ದು ಇನ್ನೊಂದು ಪಜೀತಿ. ಶೀಟ್ ಅಂದ್ರೆ ಬಿಡಿಸಿದಾಗ ಕಾಣೋ ಅಗಲದ ಹಾಳೆ, ಅದ್ರಲ್ಲಿ ಪೇಜ್ ಎರಡು. ನಮ್ ಹತ್ರ 40 ಪೇಜ್ ಅಂದಿದ್ದು 20 ಶೀಟ್. ನಾವು 180 ಫೋಟೋ ಆರಿಸಿ ಕೊಟ್ಟಿದ್ವಿ, ಶೀಟಿಗೆ ಒಂಬತ್ತು ಫೋಟೋ ತುರುಕಿ ಡಿಸೈನ್ ಕಳಿಸಿದ್ರು, ಅಜ್ಜಿ ಅಕ್ಷತೆ ಹಾಕೋ ಫೋಟೋ ಅಂಚೆಚೀಟಿಯಷ್ಟು. ಕೊನೆಗೆ ಹತ್ತು ಶೀಟ್ ಸೇರಿಸಿದ್ವಿ, ಒಂದಕ್ಕೆ 600, ಆರು ಸಾವಿರ. 85 ಸಾವಿರ ಹೋಗಿ 1,18,000. ತಮ್ಮಂದ್ರಲ್ಲಿ 30 ಶೀಟ್ ಅಂದ್ರೆ 30 ಶೀಟೇ, 60 ಪೇಜ್.

ಫೋಟೋ ಕ್ವಾಲಿಟಿ? ಇಬ್ರದ್ದೂ ಚೆನ್ನಾಗಿದೆ, ಡ್ರೋನ್ ನಾವು ತಗೊಂಡಿರ್ಲಿಲ್ಲ.

ಅಡ್ವಾನ್ಸ್ ವಿಷ್ಯದಲ್ಲಿ ನಮ್ದು ಅಡಿಕೆ ಮನೆ, ಮಂಡಿಗೆ ಹಾಕಿದ ಮೇಲೇ ಕೈಲಿ ದುಡ್ಡು, ಹಂಗಾಗಿ 25 ಸಾವಿರ ಹಗುರ ಆಯ್ತು. ಆಮೇಲೆ ಧಾರೆ ದಿನ 50, ಉಳಿದ 32,500 ಆಲ್ಬಮ್ ಕೈಗೆ ಬಂದ್ಮೇಲೆ. ಮೊದಲಿನವರು ಆಲ್ಬಮ್ ಶೀಟಿನ ದುಡ್ಡೊಂದು ಬಿಟ್ಟು ಎಲ್ಲಾ ಮದುವೆ ದಿನವೇ ಎಣಿಸ್ಕೊಂಡಿದ್ರು, ಆಲ್ಬಮ್ ಬರೋಕೆ ಏಳು ತಿಂಗಳು, ನಾವು ಫೋನ್ ಮಾಡಿದ್ದೇ ಮಾಡಿದ್ದು.

ಶಿವಮೊಗ್ಗ ಊರೊಳಗೇ ಛತ್ರ, ಬೆಳಗಿನ ಮುಹೂರ್ತ ಒಂದೇ, ಮಧ್ಯಾಹ್ನ ಊಟಕ್ಕೆ ಮುಗೀತದೆ ಅಂತಾದ್ರೆ ಮೊದಲಿನವರೇ ಸಾಕು, ದಾರಿ ಲೆಕ್ಕವೂ ಬರಲ್ಲ, ಗಂಟೆನೂ ಮೀರಲ್ಲ. ನಮ್ಮನೆ ಕಾರ್ಯ ಹೇಳಿದ ಹೊತ್ತಿಗೆ ಶುರುವಾಗಿದ್ದು ನಾನು ನೋಡಿಲ್ಲ, ಮಳೆ ಬಂದ್ರಂತೂ ದಿಬ್ಬಣ ಯಾವಾಗ ಮುಟ್ಟುತ್ತೆ ದೇವ್ರಿಗೇ ಗೊತ್ತು.

ಈಗ ಚಿಕ್ಕಪ್ಪನ ಮಗಳಿಗೆ ಸಾಗರದಲ್ಲಿ ಮದುವೆ, ನಿನ್ನೆ ಹೊಸ ಸ್ಟುಡಿಯೋದವ್ರಿಗೆ ವಾಟ್ಸಾಪ್ ಹಾಕಿದ್ದೀನಿ: "ಗಂಟೆ ಎಲ್ಲಿಂದ ಎಲ್ಲಿವರೆಗೆ? ಎಕ್ಸ್‌ಟ್ರಾ ಒಬ್ರಿಗಾ ಟೀಮಿಗಾ? ಆಲ್ಬಮ್ ಎಷ್ಟು ಶೀಟ್? ಇಲ್ಲೇ ಬರೆದು ಹೇಳಿ, ಆಮೇಲೆ ಅಡ್ವಾನ್ಸ್ ಹಾಕ್ತೀನಿ." ಎರಡು ನೀಲಿ ಗೆರೆ ಬಿದ್ದಿದೆ, ಉತ್ತರ ಇನ್ನೂ ಇಲ್ಲ.