ಅಪ್ಪನ ಅಂಗಡಿಗೆ ನಾನೇ ಸಿ ಅಲ್ಲಿ ಬರೆದ ಬಿಲ್ಲಿಂಗ್ ಪ್ರೋಗ್ರಾಂ, ಮೂರು ವರ್ಷ ಬಳಸಿದ ಮೇಲೆ

ನಮ್ಮೂರು ಮಾಗಡಿ ಕಡೆ, ಅಪ್ಪಂದು ದಿನಸಿ ಅಂಗಡಿ. ನಾನಿರೋದು ಬೆಂಗಳೂರಲ್ಲಿ, ಪೀಣ್ಯದ ಹತ್ರ ರೂಮು. ಎಸ್‌ಪಿ ರೋಡಲ್ಲಿ ಒಂದು ಹಳೇ ಕಂಪ್ಯೂಟರ್ ತಗೊಂಡು ಊರಿಗೆ ಸಾಗಿಸಿ, ಕಾಲೇಜಲ್ಲಿ ಕಲಿತಿದ್ದ ಸಿ ಅಲ್ಲೇ ಬಿಲ್ಲಿಂಗ್ ಬರೆದುಕೊಟ್ಟೆ. ಐಟಂ ನಂಬರ್ ಹೊಡಿಬೇಕು, ಗ್ರಾಂ ಹೊಡಿಬೇಕು, ಎಂಟರ್ ಒತ್ತಿದ್ರೆ ರೇಟು ಬರುತ್ತೆ, ಅಷ್ಟೇ. ತೊಗರಿಬೇಳೆ 11, ಸಕ್ಕರೆ 14, ಅಪ್ಪ ಒಂದೇ ವಾರದಲ್ಲಿ ಎಲ್ಲಾ ಬಾಯಿಪಾಠ ಮಾಡ್ಕೊಂಡ್ರು.

ಮೊದಲ ವರ್ಶನ್ನಲ್ಲಿ ದುಡ್ಡನ್ನೆಲ್ಲ float ಅಲ್ಲಿ ಇಟ್ಟಿದ್ದೆ, ಅದೇ ನಾನು ಮಾಡಿದ ದೊಡ್ಡ ತಪ್ಪು. ಬಿಲ್ಲು ಸರಿ ಬರೋದು, ದಿನದ ಟೋಟಲ್ಲೂ ಸರಿ ಇರೋದು, ಆದ್ರೆ ತಿಂಗಳ ಕೊನೇಲಿ ಅಪ್ಪ ಮೂವತ್ತು ದಿನದ ಟೋಟಲ್ನ ಕ್ಯಾಲ್ಕುಲೇಟರಲ್ಲಿ ಕೂಡಿದ್ರೆ ಕಂಪ್ಯೂಟರ್ ಲೆಕ್ಕಕ್ಕೂ ಅದಕ್ಕೂ 43 ಪೈಸೆ ವ್ಯತ್ಯಾಸ. "ಪೈಸೆ ತಾನೇ ಬಿಡಿ ಅಪ್ಪ" ಅಂದೆ. "ಪೈಸೆ ಬಿಡ್ಬೋದು ಕಣೋ, ಅದು ಎಲ್ಲಿಗೆ ಹೋಯ್ತು ಅಂತ ಗೊತ್ತಾಗ್ಬೇಕಲ್ಲ" ಅಂದ್ರು.

ಹುಡುಕಿದಾಗ ಗೊತ್ತಾಯ್ತು, float ಗೆ ಇರೋದು 24 ಬಿಟ್ ನಿಖರತೆ, ಮೊತ್ತ ದೊಡ್ಡದಾಗ್ತಾ ಹೋದ ಹಾಗೆ ಅದರ ಮೆಟ್ಟಿಲುಗಳೂ ದೊಡ್ಡದಾಗುತ್ವೆ. 1,31,072 ರೂಪಾಯಿ ದಾಟಿದ ಮೇಲೆ ಒಂದು ಮೆಟ್ಟಿಲು ಅಂದ್ರೆ ರೂಪಾಯಿಯ 64ನೇ ಒಂದು ಭಾಗ, ಅಂದ್ರೆ ಒಂದೂವರೆ ಪೈಸೆಗಿಂತ ಜಾಸ್ತಿ. ಒಂದೊಂದು ಪೈಸೆ ನಿಲ್ಲೋಕೆ ಅಲ್ಲಿ ಜಾಗನೇ ಇಲ್ಲ, ಪ್ರತಿ ಬಿಲ್ಲು ಕೂಡಿದಾಗಲೂ ಹತ್ತಿರದ ಮೆಟ್ಟಿಲಿಗೆ ಜಾರುತ್ತೆ. ನಮ್ಮ ಅಂಗಡಿಲಿ ದಿನಕ್ಕೆ ಒಂಬತ್ತು ಸಾವಿರದಷ್ಟು ವ್ಯಾಪಾರ, ಹಾಗಾಗಿ ಹದಿನೈದನೇ ತಾರೀಖು ಆಗೋವರೆಗೂ ವ್ಯತ್ಯಾಸ ಕಾಣೋದು ಕಷ್ಟ, ಆಮೇಲೆ ಎದ್ದು ಕಾಣುತ್ತೆ.

ಅದಕ್ಕೆ ಎಲ್ಲಾನೂ ಪೈಸೆಗೆ ಬದಲಾಯಿಸಿದೆ, ಪೂರ್ಣ ಸಂಖ್ಯೆ, ಪಾಯಿಂಟೇ ಇಲ್ಲ. ಕೆಜಿಗೆ 138.50 ರೂಪಾಯಿ ಬೇಳೆ ಅಂದ್ರೆ ರೇಟು 13850, ತೂಕ 250 ಗ್ರಾಂ:

```c
long amt = (rate * gram + 500) / 1000;
```

13850 × 250 ಅಂದ್ರೆ 3462500, ಅದಕ್ಕೆ 500 ಕೂಡಿ ಸಾವಿರದಿಂದ ಭಾಗಿಸಿದ್ರೆ 3463 ಪೈಸೆ, 34.63 ರೂಪಾಯಿ. ಆ 500 ಇರೋದು ಅರ್ಧ ಪೈಸೆ ಬಂದಾಗ ಮೇಲಕ್ಕೆ ತಗೊಳೋಕೆ. ಅವತ್ತಿಂದ ತಿಂಗಳ ಲೆಕ್ಕ ಒಂದು ಪೈಸೆನೂ ಆಚೀಚೆ ಆಗಿಲ್ಲ.

ಎರಡನೇ ವರ್ಷ ಊರ ಜಾತ್ರೆಗೆ ಅಂತ 15 ಕೆಜಿದು ಎರಡು ಟಿನ್ ತುಪ್ಪ ತಗೊಂಡು ಹೋಗೋಕೆ ಬಂದ್ರು, ಕೆಜಿಗೆ 720. ಅಪ್ಪ 30000 ಗ್ರಾಂ ಹೊಡೆದ್ರೆ ಸ್ಕ್ರೀನ್ ಮೇಲೆ `-21349.-66` ಬಂತಂತೆ. ಫೋನ್ ಮಾಡಿದ್ರು, ನಾನು ರೂಮಲ್ಲಿ ನನ್ನ ಲಿನಕ್ಸ್ ಲ್ಯಾಪ್‌ಟಾಪಲ್ಲಿ ಅದೇ ಹೊಡೆದ್ರೆ 21600.00 ಸರಿಯಾಗೇ ಬರ್ತಿದೆ! ರಾತ್ರಿವರೆಗೂ ತಲೆ ಕೆಡಿಸ್ಕೊಂಡೆ. ಕೊನೆಗೆ ಸಿಕ್ಕಿದ್ದು ಏನಂದ್ರೆ 64 ಬಿಟ್ ಲಿನಕ್ಸಲ್ಲಿ long ಅಂದ್ರೆ 64 ಬಿಟ್, ಅಂಗಡಿಯ ವಿಂಡೋಸಲ್ಲಿ 32 ಬಿಟ್ಟೇ, ಅದರಲ್ಲಿ 214,74,83,647ಕ್ಕಿಂತ ದೊಡ್ಡದು ಹಿಡಿಸಲ್ಲ. 72000 × 30000 ಅಂದ್ರೆ 216 ಕೋಟಿ, ಉಕ್ಕಿ ಮೈನಸ್ಸಿಗೆ ಹೋಯ್ತು. ಪೈಸೆ ಜಾಗದಲ್ಲೂ ಮೈನಸ್ ಬಂದಿದ್ದು ಯಾಕಂದ್ರೆ ಸಿ ಅಲ್ಲಿ ಮೈನಸ್ ಸಂಖ್ಯೆಯ % ಶೇಷನೂ ಮೈನಸ್ಸೇ.

ಮೊದಲು ಎಡಗಡೆ amt ಒಂದನ್ನೇ long long ಮಾಡಿದೆ, ಏನೂ ಬದಲಾಗಲಿಲ್ಲ, ಗುಣಾಕಾರ ಆಗೋದು ಬಲಗಡೆ, ಅಲ್ಲಿ ಇನ್ನೂ long ಇದೆಯಲ್ಲ. ಹೀಗೆ ಬರೆದ ಮೇಲೆ ಸರಿಯಾಯ್ತು:

```c
long long amt = ((long long)rate * gram + 500) / 1000;
```

printf ಅಲ್ಲೂ %ld ತೆಗೆದು %lld ಹಾಕ್ಬೇಕು, ಮರೀಬೇಡಿ. ಅಂಗಡಿಗೆ ಬರೀತಿದ್ರೆ ಅಂಗಡಿಯ ಕಂಪ್ಯೂಟರಲ್ಲೇ, ಅಲ್ಲಿ ಆಗೋ ದೊಡ್ಡ ವ್ಯಾಪಾರದ ತೂಕ ಹೊಡೆದು ಪರೀಕ್ಷೆ ಮಾಡಿ.

ಭಾನುವಾರ ಹೊಸ ಪ್ರೋಗ್ರಾಂ ಹಿಡ್ಕೊಂಡು ಊರಿಗೆ ಹೋದೆ. ಜಾತ್ರೆಯವರಿಗೆ ಕೈಯಲ್ಲೇ ಚೀಟಿ ಬರೆದು ಕೊಟ್ಟಿರ್ತಾರೆ ಅಂದ್ಕೊಂಡಿದ್ದೆ, ಆದ್ರೆ ಕಂಪ್ಯೂಟರಲ್ಲೇ 21600 ಬಿಲ್ ಆಗಿತ್ತು. ಹೆಂಗೆ ಅಂತ ಕೇಳಿದ್ರೆ "ದೊಡ್ಡದು ಹೊತ್ಕೊಳಕ್ಕೆ ಆಗ್ತಿಲ್ಲ ಅನ್ನಿಸ್ತು, ಒಂದೊಂದು ಟಿನ್ ಬೇರೆ ಬೇರೆ ಹಾಕ್ದೆ" ಅಂದ್ರು. 15000 ಗ್ರಾಮಿಗೆ 108 ಕೋಟಿ, ಅದು 32 ಬಿಟ್ಟಲ್ಲಿ ಆರಾಮಾಗಿ ಹಿಡಿಸುತ್ತೆ. ನಾನು ಒಂದು ರಾತ್ರಿ ಹುಡುಕಿದ್ದನ್ನ ಅಪ್ಪ ಗಿರಾಕಿ ಮುಂದೆ ನಿಂತಾಗಲೇ ಪತ್ತೆ ಮಾಡಿದ್ರು.

5ಕ್ಕೆ 4 ಕೊಡ್ತೀನಿ. ಉದ್ರಿ ಇನ್ನೂ ಪುಸ್ತಕದಲ್ಲೇ ಇದೆ, ವಾಪಸ್ ಬಂದ ಸಾಮಾನಿಗೆ ಬಿಲ್ಲಲ್ಲಿ ಕಳೆಯೋಕೆ ದಾರಿ ಇಲ್ಲ. ಅದನ್ನ ಮಾಡೋಕೆ ಮೊದಲು ಆ ಎರಡು ಮೈನಸ್ ಪ್ರಿಂಟ್ ಆಗೋದನ್ನ ಸರಿ ಮಾಡ್ಬೇಕು, ಯುಗಾದಿ ರಜೆಗೆ ಇಟ್ಕೊಂಡಿದೀನಿ.