ಆರಂಭಿಕ ವೇಗದ ಕೋಷ್ಟಕ: ಅನುಪಾತವೇ, ಲಾಗರಿಥಮ್ಮೇ?

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೈಟ್ರಿಕ್ ಆಕ್ಸೈಡ್ ಆಮ್ಲಜನಕದೊಡನೆ ವರ್ತಿಸುವ 2NO + O₂ → 2NO₂ ಕ್ರಿಯೆಯ ಈ ಕೋಷ್ಟಕದಿಂದ ಪ್ರತಿ ವಸ್ತುವಿನ ಕ್ರಮಾಂಕವನ್ನು, ಅಂದರೆ ವೇಗವು ಅದರ ಸಾರತೆಯ ಎಷ್ಟನೆಯ ಘಾತದಂತೆ ಬದಲಾಗುತ್ತದೆ ಎಂಬುದನ್ನು, ಅನುಪಾತ ಮತ್ತು ಲಾಗರಿಥಮ್ ಎಂಬ ಎರಡು ವಿಧಾನಗಳಿಂದಲೂ ಕಂಡುಹಿಡಿಯಬಹುದು.

| ಪ್ರಯೋಗ | [NO], M | [O₂], M | ವೇಗ, M/s |
|---|---|---|---|
| 1 | 0.0126 | 0.0125 | 0.0141 |
| 2 | 0.0252 | 0.0125 | 0.0564 |
| 3 | 0.0252 | 0.0250 | 0.113 |

ಅನುಪಾತದ ವಿಧಾನದಲ್ಲಿ, ಒಂದೇ ಸಾರತೆ ಬದಲಾಗಿರುವ ಎರಡು ಸಾಲುಗಳನ್ನು ಆರಿಸಿಕೊಂಡು ಭಾಗಿಸುತ್ತೇವೆ. ಮೊದಲೆರಡು ಸಾಲುಗಳಲ್ಲಿ NO ಎರಡು ಪಟ್ಟಾದಾಗ ವೇಗ ನಾಲ್ಕು ಪಟ್ಟಾಗಿದೆ. ಆದ್ದರಿಂದ ಅದರ ಕ್ರಮಾಂಕ 2. ಎರಡನೆಯ ಮತ್ತು ಮೂರನೆಯ ಸಾಲುಗಳಲ್ಲಿ O₂ ಎರಡು ಪಟ್ಟಾದಾಗ ವೇಗವೂ ಎರಡು ಪಟ್ಟಾಗಿರುವುದರಿಂದ ಅದರ ಕ್ರಮಾಂಕ 1. ಸಮೀಕರಣದ ಗುಣಾಂಕಗಳೂ 2 ಮತ್ತು 1 ಆಗಿರುವುದು ಇಲ್ಲಿನ ಕಾಕತಾಳೀಯವಷ್ಟೇ; ಅವುಗಳನ್ನು ನೋಡಿ ಕ್ರಮಾಂಕ ಬರೆಯಬಾರದು.

ಸಾರತೆ 1.59 ಪಟ್ಟು, ವೇಗ 2.52 ಪಟ್ಟು ಎಂಬಂಥ ಅಂಕಿಗಳು ಬಂದರೆ ಕಣ್ಣಳತೆ ಸಾಲದು. ಆಗ log 2.52 ÷ log 1.59 ಎಂದು ಲೆಕ್ಕ ಹಾಕಿದರೆ ಕ್ರಮಾಂಕ 2 ಎಂದು ನೇರವಾಗಿ ದೊರೆಯುತ್ತದೆ, ಭಿನ್ನರಾಶಿಯ ಕ್ರಮಾಂಕವಿದ್ದರೂ ಅದು ಮರೆಯಾಗುವುದಿಲ್ಲ. ಆದರೆ ಲಾಗರಿಥಮ್ ಅಳತೆಯ ದೋಷವನ್ನು ಅಳಿಸದು: ವೇಗದಲ್ಲಿ ಶೇಕಡಾ 5ರ ತಪ್ಪಿದ್ದರೆ, ಸಾರತೆ ಎರಡು ಪಟ್ಟಾದಾಗ ಕ್ರಮಾಂಕ ಸುಮಾರು 0.07ರಷ್ಟು, ಸಾರತೆ 1.1 ಪಟ್ಟು ಮಾತ್ರ ಆದಾಗ ಸುಮಾರು 0.5ರಷ್ಟು ತಪ್ಪುತ್ತದೆ. ಹೀಗಾಗಿ ಹತ್ತಿರದ ಸಾರತೆಗಳ ಜೋಡಿಯನ್ನು ಯಾವ ವಿಧಾನದಲ್ಲೂ ನಾನು ನಂಬುವುದಿಲ್ಲ.

ವೇಗ ಸ್ಥಿರಾಂಕಕ್ಕೆ ಎರಡೂ ದಾರಿಗಳು ಒಂದಾಗುತ್ತವೆ: ವೇಗ = k[NO]²[O₂] ಆದ್ದರಿಂದ k = 0.0141 ÷ (0.0126² × 0.0125), ಅಂದರೆ ಸುಮಾರು 7.1 × 10³ M⁻² s⁻¹. ಉಳಿದ ಸಾಲುಗಳಲ್ಲೂ ಇದೇ ಬೆಲೆ ಬರುತ್ತದೆ. ಸಾಲಿನಿಂದ ಸಾಲಿಗೆ k ಏರುತ್ತಲೋ ಇಳಿಯುತ್ತಲೋ ಹೋದರೆ ಕ್ರಮಾಂಕವನ್ನೇ ಮೊದಲು ಅನುಮಾನಿಸಬೇಕು.